ನಿಮ್ಮ ದುಡ್ಡು, ನಮ್ಮ ಉಪಕಾರ

ನಮ್ಮ ಭಾವ ಪೀಣ್ಯದಲ್ಲಿ ನಾಲ್ಕು ಸಿಎನ್‌ಸಿ ಮಷೀನ್ ಇಟ್ಟುಕೊಂಡು ದೊಡ್ಡ ಕಂಪನಿಯೊಂದಕ್ಕೆ ಪಂಪಿನ ಶಾಫ್ಟ್ ಮಾಡಿಕೊಡುತ್ತಾರೆ. ಆ ಕಂಪನಿಯವರು ಒಮ್ಮೆ ಸ್ಟಾರ್ ಹೋಟೆಲಿನಲ್ಲಿ ‘ವೆಂಡರ್ ಮೀಟ್’ ಇಟ್ಟುಕೊಂಡರು. ಬಾಗಿಲಲ್ಲೇ ಹೂಗುಚ್ಛ, ಒಳಗೆ ಶಾಲು, ಕೈಗೊಂದು ಗಾಜಿನ ಫಲಕ. ಮೂರು ತಿಂಗಳಿಂದ ಬಿಲ್ಲಿನ ದುಡ್ಡಿಗೆ ಫೋನ್ ಮಾಡಿದರೂ ಎತ್ತದ ಪರ್ಚೇಸ್ ಸಾಹೇಬರು ಅವತ್ತು ಖುದ್ದಾಗಿ ಬಂದು ‘ಊಟ ಆಯ್ತಾ ಸಾರ್?’ ಎಂದು ಕೇಳಿದರಂತೆ. ಭಾವನಿಗೆ ಆಗಲೇ ಅನುಮಾನ ಬರಬೇಕಿತ್ತು.

ಊಟಕ್ಕೆ ಮೊದಲು ಪರದೆಯ ಮೇಲೆ ಹೊಸ ಯೋಜನೆ ಬಂತು. ‘ನಿಮ್ಮ ಬಿಲ್ ನಾವು ಒಪ್ಪಿದ ಮರುದಿನವೇ ನಿಮ್ಮ ಅಕೌಂಟಿಗೆ ದುಡ್ಡು. ಬಡ್ಡಿ ಬರೀ ಶೇ. 8. ಮನೆ ಪತ್ರ ಬೇಡ, ಸೈಟ್ ಪತ್ರ ಬೇಡ.’ ಇದರ ಹೆಸರು ರಿವರ್ಸ್ ಫ್ಯಾಕ್ಟರಿಂಗ್. ಸಭೆ ಚಪ್ಪಾಳೆ ತಟ್ಟಿತು. ಭಾವನೂ ತಟ್ಟಿದರು. ಅವರ ಓಡಿ ಅಕೌಂಟಿನ ಬಡ್ಡಿ ಶೇ. 12, ಅದಕ್ಕೆ ಅಕ್ಕನ ಮನೆಯ ಪತ್ರ ಬ್ಯಾಂಕಿನ ಲಾಕರಿನಲ್ಲಿದೆ.

ಯೋಜನೆಯಲ್ಲಿ ಮೋಸವೇನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಮೂಲಿ ಫ್ಯಾಕ್ಟರಿಂಗಿನಲ್ಲಿ ಬಿಲ್ ಹಿಡಿದುಕೊಂಡು ಬ್ಯಾಂಕಿನ ಬಾಗಿಲಿಗೆ ಹೋಗುವವನು ಸಣ್ಣವನು. ‘ನೀನು ಯಾರು? ಈ ಬಿಲ್ ನಿಜವೇ?’ ಎಂದು ಬ್ಯಾಂಕು ಅವನ ಜಾತಕ ನೋಡುತ್ತದೆ. ರಿವರ್ಸಿನಲ್ಲಿ ದೊಡ್ಡ ಕಂಪನಿಯೇ ‘ಮಾಲು ಬಂದಿದೆ, ಇಂಥ ದಿನ ಇಷ್ಟು ದುಡ್ಡು ಕೊಡುತ್ತೇನೆ’ ಎಂದು ಬ್ಯಾಂಕಿಗೆ ಒಪ್ಪಿಗೆ ಕೊಡುತ್ತದೆ. ಹೀಗಾಗಿ ಬ್ಯಾಂಕು ಸಾಲ ಕೊಡುವುದು ಭಾವನ ಮುಖ ನೋಡಿ ಅಲ್ಲ, ಕಂಪನಿಯ ಹೆಸರು ನೋಡಿ. ದೊಡ್ಡ ಹೆಸರಿಗೆ ಬಡ್ಡಿ ಕಡಿಮೆ. ಭಾವನ ಮುಖಕ್ಕೆ ಶೇ. 12, ಕಂಪನಿಯ ಹೆಸರಿಗೆ ಶೇ. 8.

ಆ ಹೆಸರಿನ ನೆರಳು ನಿಜಕ್ಕೂ ತಂಪು. ಲೆಕ್ಕ ಹಾಕಿ ನೋಡಿ. ಹತ್ತು ಲಕ್ಷದ ಬಿಲ್ಲಿಗೆ 45 ದಿನ ಕಾಯಬೇಕು. ಅಲ್ಲಿಯವರೆಗೆ ಓಡಿಯಲ್ಲಿ ಕಾಲ ತಳ್ಳಿದರೆ ಬಡ್ಡಿ 14,795 ರೂಪಾಯಿ. ಅದೇ 45 ದಿನಕ್ಕೆ ಕಂಪನಿಯ ಹೆಸರಿನಲ್ಲಿ ದುಡ್ಡು ತೆಗೆದರೆ 9,863 ರೂಪಾಯಿ. ಒಂದೇ ಬಿಲ್ಲಿಗೆ ಐದು ಸಾವಿರದ ಹತ್ತಿರ ಉಳಿತಾಯ. ಚಪ್ಪಾಳೆ ತಟ್ಟಲೇಬೇಕು.

ಆದರೆ ಚಪ್ಪಾಳೆ ತಟ್ಟುವವರಿಗೆ ಕೊನೆಯ ಸ್ಲೈಡ್ ಓದಲು ಕೈಗೂ ಬಿಡುವಿಲ್ಲ, ಕಣ್ಣಿಗೂ ಬಿಡುವಿಲ್ಲ. ಬಿರಿಯಾನಿಯ ಘಮ ಬರುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತಿತ್ತು: ‘ಪೇಮೆಂಟ್ ಟರ್ಮ್ಸ್ 45 ದಿನದಿಂದ 90 ದಿನಕ್ಕೆ, ಜಿಆರ್‌ಎನ್ ದಿನಾಂಕದಿಂದ.’ ಯಾರೋ ಒಬ್ಬರು ಎದ್ದು ಕೇಳಿದರಂತೆ. ಸಾಹೇಬರು ನಕ್ಕು, ‘ನಿಮಗೆ ಮರುದಿನವೇ ಬ್ಯಾಂಕು ಕೊಡುತ್ತಲ್ಲ ಸಾರ್, ನಾವು ಬ್ಯಾಂಕಿಗೆ ಯಾವಾಗ ಕೊಟ್ಟರೆ ನಿಮಗೇನು?’ ಎಂದರು. ಇಷ್ಟು ಸೊಗಸಾದ ಉತ್ತರಕ್ಕೆ ಎದುರುತ್ತರ ಹೊಳೆಯುವಷ್ಟರಲ್ಲಿ ಬಫೆಯ ಕ್ಯೂ ಶುರುವಾಗಿತ್ತು.

ನಮಗೇನು ಎಂಬುದು ಮೊದಲ ಲೋಡ್ ಶಾಫ್ಟ್ ಹೋದ ಮೇಲೆ ಗೊತ್ತಾಯಿತು. ಮಾಲು ಇಳಿದರೂ ಗೂಡ್ಸ್ ರಿಸೀಟ್, ಅಂದರೆ ಪೀಣ್ಯದವರ ಬಾಯಲ್ಲಿ ಬರುವ ಜಿಆರ್‌ಎನ್, ಆಗಲಿಲ್ಲ. ಅದಾಗದೆ ಕಂಪನಿ ಬಿಲ್ ಒಪ್ಪುವುದಿಲ್ಲ, ಕಂಪನಿ ಒಪ್ಪದೆ ಬ್ಯಾಂಕು ಕಣ್ಣು ಬಿಡುವುದಿಲ್ಲ. ಸ್ಟೋರ್ಸಿಗೆ ಫೋನ್ ಮಾಡಿದರೆ ‘ಕ್ಯುಸಿ ಪೆಂಡಿಂಗ್’. ಕ್ಯುಸಿಗೆ ಮಾಡಿದರೆ ‘ಸಾರ್ ಲೀವ್’. ಸಾರ್ ಲೀವ್ ಮುಗಿಸಿ ಬಂದರೆ ‘ಸಿಸ್ಟಮ್ ಡೌನ್’. ಶಾಫ್ಟಿನಲ್ಲಿ ದೋಷ ಇದೆಯೆಂದು ಯಾರೂ ಹೇಳಲಿಲ್ಲ. ಆ ಶಾಫ್ಟ್ ಹಾಕಿದ ಪಂಪು ಆಗಲೇ ಯಾವುದೋ ಊರಿನಲ್ಲಿ ನೀರೆತ್ತುತ್ತಿತ್ತು. ಜಿಆರ್‌ಎನ್ ಆಗಿದ್ದು ಇಪ್ಪತ್ತನೇ ದಿನ.

ಆ ಇಪ್ಪತ್ತು ದಿನ ಭಾವನ ಹಳೇ ಗೆಳೆಯ ಓಡಿ: ಶೇ. 12ರಲ್ಲಿ 6,575 ರೂಪಾಯಿ. ಮರುದಿನ ಮಾತು ತಪ್ಪದೆ ದುಡ್ಡು ಬಂತು. ಮುಂದಿನ 90 ದಿನದ ಬಡ್ಡಿ ಶೇ. 8ರಲ್ಲಿ 19,726 ರೂಪಾಯಿ ಮುರಿದುಕೊಂಡು ಬಂತು. ಎರಡೂ ಸೇರಿ 26,301. ಯೋಜನೆ ಇಲ್ಲದ ಕಾಲದಲ್ಲಿ ‘ದುಬಾರಿ’ ಬಡ್ಡಿಗೆ ತೆತ್ತಿದ್ದು 14,795. ಬಡ್ಡಿಯ ದರ ಇಳಿಯಿತು, ಬಡ್ಡಿಯ ದಿನ ಏರಿತು. ಅಗ್ಗದ ಅಕ್ಕಿ ಎಂದು ಮೂಟೆಗಟ್ಟಲೆ ಕೊಂಡವನ ಕಥೆ ಇದು. ಕೊಂಡವನಿಗೆ ಮೂಟೆ ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ, ಅಷ್ಟೇ.

ಕಂಪನಿಯ ಲೆಕ್ಕವನ್ನೂ ನೋಡಿ. ಮಾಲು ಕೈಗೆ ಬಂದ ಮೇಲೆ 110 ದಿನ ಅದರ ಬಾಬ್ತು ಹತ್ತು ಲಕ್ಷ ಕಂಪನಿಯ ಜೇಬಿನಲ್ಲೇ ಇತ್ತು. ಬಡ್ಡಿ ಕಟ್ಟಿದ್ದು ಭಾವ. ಸಾಲ ಅನುಭವಿಸುವವರು ಒಬ್ಬರು, ಅದರ ಬಡ್ಡಿ ಕಟ್ಟುವವರು ಇನ್ನೊಬ್ಬರು, ಶಾಲು ಹೊದಿಸಿಕೊಂಡವರು ಮಾತ್ರ ಬಡ್ಡಿ ಕಟ್ಟುವವರು. ಗೌರವ ಎಂದರೆ ಇದು.

ಇದಕ್ಕೆ ಕಾನೂನು ಇಲ್ಲವೇ ಎನ್ನಬೇಡಿ, ಚೆನ್ನಾಗಿಯೇ ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಅತಿ ಸಣ್ಣ ಮತ್ತು ಸಣ್ಣ ಉದ್ಯಮದವರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ತಕರಾರು ಹೇಳದಿದ್ದರೆ, ಮಾಲು ತಲುಪಿದ ದಿನವೇ ಒಪ್ಪಿದಂತೆ. ಕ್ಯುಸಿ ಸಾಹೇಬರ ರಜೆಗೆ ಕಾನೂನು ಕಾಯುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ‘ಹಾಗಿದ್ದರೆ ದೂರು ಕೊಡಿ ಭಾವ’ ಎಂದೆ. ಅವರು ಗಾಜಿನ ಫಲಕದ ಧೂಳು ಒರೆಸುತ್ತಾ, ‘ಕೊಟ್ಟರೆ ಬಡ್ಡಿ ಬರುತ್ತೆ ಕಣಯ್ಯ, ಮುಂದಿನ ಆರ್ಡರ್ ಬರೊಲ್ಲ’ ಎಂದರು.

ಸಮುದ್ರದಾಚೆ ಈ ಆಟ ಇನ್ನೂ ಚಂದವಾಗಿ ನಡೆದಿತ್ತು. ಬ್ರಿಟನ್ನಿನ ಕಟ್ಟಡ ಗುತ್ತಿಗೆಯ ದೈತ್ಯ ಕಂಪನಿ ಕ್ಯಾರಿಲಿಯನ್, ಪೂರೈಕೆದಾರರಿಗೆ 120 ದಿನದ ಗಡುವು ಹಾಕಿ, ಬೇಗ ಬೇಕಾದವರಿಗೆ ಬ್ಯಾಂಕಿನ ದಾರಿ ತೋರಿಸಿತ್ತು. ಆಮೇಲೆ ಬ್ಯಾಂಕಿಗೆ ಕೊಡಬೇಕಾದ ಹಣವನ್ನು ‘ಸಾಲ’ ಎಂದು ಬರೆಯದೆ ‘ಇತರ ಬಾಕಿ’ಯ ಸಾಲಿನಲ್ಲಿ ಸೇರಿಸಿತು. ಓದಿದವರಿಗೆ ಕಂಪನಿಯ ಸಾಲ ಸಣ್ಣದಾಗಿ ಕಂಡಿತು. 2018ರ ಜನವರಿಯಲ್ಲಿ ಅದು ಮುಳುಗಿತು. ಈಗ ಜಾಗತಿಕ ಲೆಕ್ಕಪತ್ರ ನಿಯಮಗಳು ಇಂಥ ಬಾಕಿಯನ್ನು ಬಿಡಿಸಿ ತೋರಿಸಿ ಎನ್ನುತ್ತವೆ. ಬಾಗಿಲು ಮುರಿದು ಕಳ್ಳ ಹೋದ ಮೇಲೆ ನಾಯಿ ತಂದಂತೆ.

ನಮ್ಮಲ್ಲಿ ರಿಸರ್ವ್ ಬ್ಯಾಂಕು ತಂದ ಟ್ರೆಡ್ಸ್ ವೇದಿಕೆಗಳಿವೆ. ಅಲ್ಲಿ ಕಂಪನಿ ಒಪ್ಪಿದ ಬಿಲ್ಲಿಗೆ ಹಲವು ಬ್ಯಾಂಕುಗಳು ಬಿಡ್ ಹಾಕುತ್ತವೆ, ಸ್ವಯಂವರದ ಹಾಗೆ. ಕಂಪನಿ ಆಮೇಲೆ ಕೈಯೆತ್ತಿದರೆ ಬ್ಯಾಂಕು ಸಣ್ಣವನ ಕೊರಳಿಗೆ ಬೀಳುವಂತಿಲ್ಲ. ಭಾವನ ಕಂಪನಿಯದು ಖಾಸಗಿ ಏರ್ಪಾಟು. ಒಬ್ಬನೇ ವರ, ಒಂದೇ ದರ. ಆದರೆ ಒಪ್ಪಿಗೆಯ ಬಟನ್ ಎರಡೂ ಕಡೆ ದೊಡ್ಡವರ ಬೆರಳಿನಲ್ಲೇ ಇದೆ. ಎಷ್ಟೇ ವೇಗದ ಗಾಡಿಯಾದರೂ ಕೀ ಇನ್ನೊಬ್ಬರ ಜೇಬಿನಲ್ಲಿದ್ದರೆ ನಡೆದೇ ಹೋಗಬೇಕು.

ಮುಂದಿನ ವೆಂಡರ್ ಮೀಟಿಗೆ ಹೋಗುವವರಿಗೆ ನನ್ನದೊಂದೇ ಮಾತು. ಬಡ್ಡಿ ಎಷ್ಟು ಎಂದು ಅವರೇ ಹೇಳುತ್ತಾರೆ, ಕೇಳಬೇಡಿ. ಗಡುವು ಎಷ್ಟು ದಿನ, ಅದನ್ನು ಯಾವ ದಿನದಿಂದ ಎಣಿಸುತ್ತೀರಿ, ಬಡ್ಡಿ ಯಾರು ಕಟ್ಟುವುದು ಎಂದು ಕೇಳಿ. ಅದೂ ಊಟಕ್ಕೆ ಮೊದಲು.