ಗುಳಿಗಿ ಮಾಸ್ತರರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ತಾಲೂಕಿಗೆ ಹೋದರೂ ಒಬ್ಬ ಗುಳಿಗಿ ಮಾಸ್ತರರು ಸಿಕ್ಕೇ ಸಿಗುತ್ತಾರೆ. ಶಾಲೆಯಲ್ಲಿ ಕಲಿಸಿದವರೇ ಆಗಿರಬೇಕೆಂದಿಲ್ಲ. ಸಕ್ಕರೆ ಕಾರ್ಖಾನೆಯ ಗುಮಾಸ್ತರಿರಬಹುದು, ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯಿರಬಹುದು, ಪುಣೆಯಲ್ಲಿ ಕೂತು ವಾಟ್ಸಾಪಿನಲ್ಲೇ ಮನೆ ನಡೆಸುವ ಮಗನಿರಬಹುದು. ಗುರುತು ಒಂದೇ. ಅವ್ವನಿಗೆ ಮೂರನೆಯ ಗುಳಿಗಿ ಶುರುವಾದ ದಿನ ಇವರು ಸ್ಕೇಲು, ಕೆಂಪು ಪೆನ್ನು, ಡ್ರಾಯಿಂಗ್ ಹಾಳಿ ಹಿಡಿದು ಕೂಡುತ್ತಾರೆ.

ನಾನು ಬಲ್ಲವರು ಮಾತ್ರ ನಿಜವಾಗಿ ಮಾಸ್ತರರೇ. ಪ್ರತಿ ಜೂನ್‌ನಲ್ಲಿ ಇಡೀ ಹೈಸ್ಕೂಲಿನ ವೇಳಾಪಟ್ಟಿ ಬರೆದವರು. ನಿವೃತ್ತಿಯಾದ ಮೇಲೆ ಬರೆಯಲು ಏನೂ ಉಳಿಯಲಿಲ್ಲ, ಅವ್ವ ಉಳಿದಿದ್ದಳು. ಅವ್ವನಿಗೆ ಥೈರಾಯ್ಡ್, ಸಕ್ಕರೆ, ಬಿಪಿ, ಜೊತೆಗೆ ಎಲುಬಿಗೆ ಕ್ಯಾಲ್ಸಿಯಂ. ಡಾಕ್ಟರರ ಚೀಟಿಯಲ್ಲಿ 1-0-0, 1-0-1 ಎಂದಷ್ಟೇ ಇತ್ತು. ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನು ಮೆಡಿಕಲ್ ಅಂಗಡಿಯ ಹುಡುಗ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳಿ ಮುಂದಿನ ಗಿರಾಕಿಗೆ ತಿರುಗಿದ್ದ. ಈ ಅವ್ಯವಸ್ಥೆ ಮಾಸ್ತರರಿಗೆ ಸಹಿಸಲಾಗಲಿಲ್ಲ. ಮರುದಿನ ಅಡುಗೆಮನೆಯ ಗೋಡೆಗೆ ಪಟ್ಟಿ ಏರಿತು: ವೇಳೆ, ಗುಳಿಗಿ, ಪ್ರಮಾಣ, ಆಹಾರ, ಕೊನೆಗೆ ಹಾಜರಿ. ಮೊಳೆಗೆ ದಾರ ಕಟ್ಟಿ ಪೆನ್ಸಿಲ್ಲೂ ಇಳಿಬಿಟ್ಟರು.

ಮೊದಲ ತಂಟೆ ಮೊದಲ ಸಾಲಿನಲ್ಲೇ ಎದ್ದಿತು. 'ಮುಂಜಾನೆ 6.00, ಥೈರಾಯ್ಡ್ ಗುಳಿಗಿ, ಬರಿ ಹೊಟ್ಟೆ' ಎಂದು ಬರೆದಿದ್ದರು. ಅವ್ವ ಏಳುವುದು ಐದಕ್ಕೆ, ಎದ್ದವಳೇ ಒಲೆಯ ಮೇಲೆ ಇಡುವುದು ಚಾ.

"ಅವ್ವಾ, ಬರಿ ಹೊಟ್ಟೀಲೆ ತಗೋಬೇಕಂತ ಬರದೀನಲ್ಲ?"

"ಬರಿ ಹೊಟ್ಟೀಲೇ ತಗೊಂಡೀನೋ ತಮ್ಮಾ. ಬರೇ ಚಾ ಕುಡದೀನಿ, ತಿಂದೇನಿ ಏನು?"

ಚಾ ನಮ್ಮ ಕಡೆ ಆಹಾರದ ಲೆಕ್ಕಕ್ಕೆ ಬರುವುದಿಲ್ಲ. ಗುಳಿಗಿಯ ಲೆಕ್ಕಕ್ಕೆ ಬರುತ್ತದೆ. ಲೆವೊಥೈರಾಕ್ಸಿನ್ ಬಹಳ ನಾಜೂಕಿನ ಔಷಧ. ಚಾ, ಹಾಲು, ಊಟ, ಯಾವುದು ಜೊತೆಗಿದ್ದರೂ ಅದು ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಬರೀ ನೀರಿನಲ್ಲಿ ನುಂಗಿ ಅರ್ಧ ತಾಸಿನಿಂದ ಒಂದು ತಾಸು ಸುಮ್ಮನಿರಬೇಕು. ಕ್ಯಾಲ್ಸಿಯಂ ಗುಳಿಗಿಯಂತೂ ನಾಲ್ಕು ತಾಸು ದೂರವಿರಬೇಕು. ಅವ್ವ ದಿನಾ ನುಂಗಿದರೂ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿಯಲೇ ಇಲ್ಲ, ಡಾಕ್ಟರರು 50 ಮೈಕ್ರೊಗ್ರಾಂ ಅನ್ನು 75ಕ್ಕೆ ಏರಿಸುವ ಮಾತಾಡಿದರು. ತಪ್ಪು ಗುಳಿಗಿಯದಲ್ಲ, ಚಾದ್ದು ಎಂದು ಸೊಸೆ ಹೇಳಿದ ಮೇಲೆ ಪಟ್ಟಿ ಬದಲಾಯಿತು. ಗುಳಿಗಿಯೂ ನೀರಿನ ತಂಬಿಗೆಯೂ ಈಗ ಹಾಸಿಗೆಯ ಪಕ್ಕದಲ್ಲೇ. ಐದಕ್ಕೆ ಎದ್ದು ನುಂಗುವುದು, ಅಂಗಳ ಕಸ ಹೊಡೆದು ಮುಖ ತೊಳೆದು ಬರುವಷ್ಟರಲ್ಲಿ ಮುಕ್ಕಾಲು ತಾಸು, ಆಮೇಲೆ ಚಾ. ಗಡಿಯಾರಕ್ಕೆ ಬಗ್ಗದ ಅವ್ವ ಕಸಬರಿಗೆಗೆ ಬಗ್ಗಿದಳು.

ಎರಡನೆಯದು ಹಾಜರಿಯ ಕತೆ. ಮಾಸ್ತರರು ಪ್ರತಿ ರವಿವಾರ ಪಟ್ಟಿ ತಪಾಸಣೆ ಮಾಡುತ್ತಾರೆ. ಅವ್ವನ ಹಾಜರಿ ನೂರಕ್ಕೆ ನೂರು. ಒಂದು ಸಲ ಬುಧವಾರವೇ ನೋಡಿದರೆ ಶನಿವಾರದವರೆಗೂ ಟಿಕ್ ಬಿದ್ದಿತ್ತು. "ದಿನಾ ಯಾರು ಏಳಬೇಕು, ಒಮ್ಮೆಲೇ ಹಾಕಿಬಿಟ್ಟೆ" ಎಂದಳು ಅವ್ವ. ಅಂದಿನಿಂದ ಅವರು ಟಿಕ್ ನಂಬುವುದು ಬಿಟ್ಟು ಸ್ಟ್ರಿಪ್ ಎಣಿಸತೊಡಗಿದರು. ಹದಿನೈದರ ಸ್ಟ್ರಿಪ್ ಶುರುವಾಗಿ ಹತ್ತು ದಿನವಾದರೆ ಐದು ಉಳಿಯಬೇಕು. ಎಂಟು ಉಳಿದರೆ ಮೂರು ತಪ್ಪಿವೆ, ಮೂರೇ ಉಳಿದರೆ ಎರಡು ಹೆಚ್ಚಾಗಿವೆ. ತಪ್ಪಿದ್ದನ್ನು ಸರಿದೂಗಿಸಲು ಮರುದಿನ ಎರಡು ನುಂಗಬಾರದೆಂದು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು.

ಮೂರನೆಯದಕ್ಕೆ ನಗಲಾಗಲಿಲ್ಲ. ಅವ್ವ ಮಗಳ ಮನೆಗೆಂದು ಕಾಗವಾಡಕ್ಕೆ ಹೋದಳು. ಅಲ್ಲಿಂದ ಮಿರಜ್ ಹತ್ತಿರ. ಮಗಳು ಅಲ್ಲಿನ ಡಾಕ್ಟರರಿಗೆ ತೋರಿಸಿದಳು, ಹಳೆಯ ಚೀಟಿ ಮಾತ್ರ ಚಿಕ್ಕೋಡಿಯ ಮನೆಯಲ್ಲೇ ಉಳಿದಿತ್ತು. ಅವರೂ ಬಿಪಿಗೆ ಒಂದು ಗುಳಿಗಿ ಬರೆದರು. ಅವ್ವ ಊರಿಗೆ ಬಂದಾಗ ಮಾಸ್ತರರು ಶ್ರದ್ಧೆಯಿಂದ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದರು. ವಾರದೊಳಗೆ ಅವ್ವನಿಗೆ ಕೂತಲ್ಲಿಂದ ಎದ್ದರೆ ಕಣ್ಣಿಗೆ ಕತ್ತಲೆ, ಗೋಡೆ ಹಿಡಿದೇ ನಡಿಗೆ. ಎರಡೂ ಸ್ಟ್ರಿಪ್ ಹಿಂದುಮುಂದು ಮಾಡಿ ನೋಡಿದರೆ ಕಂಪನಿಯ ಹೆಸರು ಬೇರೆ, ಬಣ್ಣ ಬೇರೆ, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡರ ಮೇಲೂ ಒಂದೇ ಔಷಧ: ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಡಾಕ್ಟರರು ಬಿಪಿ ನೋಡಿ ಒಂದನ್ನು ನಿಲ್ಲಿಸಿದರು. ಅದುವರೆಗೆ ಪಟ್ಟಿಯಲ್ಲಿ 'ಬಿಳಿ ಉದ್ದಂದು', 'ಕೆಂಪು ದುಂಡಂದು' ಎಂದಿದ್ದ ಜಾಗದಲ್ಲಿ ಅಂದಿನಿಂದ ಔಷಧದ ಮೂಲ ಹೆಸರು ಬಂತು. ಅಂಗಡಿಯವ ಕಂಪನಿ ಬದಲಿಸಿದರೆ ಬಣ್ಣ ಬದಲಾಗುತ್ತದೆ, ಈ ಹೆಸರು ಬದಲಾಗುವುದಿಲ್ಲ.

ಇನ್ನು ಆಷಾಢ ಏಕಾದಶಿ. ಪಂಢರಪುರದ ದಾರಿಯ ಮೇಲಿರುವ ಸೀಮೆ ನಮ್ಮದು, ಅವ್ವ ವಿಠ್ಠಲನ ಉಪವಾಸ ಬಿಡುವವಳಲ್ಲ. ರೊಟ್ಟಿ ಬಿಟ್ಟಳು, ಪಟ್ಟಿಯಲ್ಲಿದೆ ಎಂದು ಗ್ಲಿಮೆಪಿರೈಡ್ ಮಾತ್ರ ಬಿಡಲಿಲ್ಲ. ಹೊಟ್ಟೆಯಲ್ಲಿ ಅನ್ನವಿರಲಿ ಇಲ್ಲದಿರಲಿ, ಆ ಗುಳಿಗಿ ಸಕ್ಕರೆ ಇಳಿಸಿಯೇ ತೀರುತ್ತದೆ. ಹನ್ನೊಂದರ ಹೊತ್ತಿಗೆ ತಣ್ಣನೆ ಬೆವರು, ಕೈನಡುಕ, ತೊದಲು ಮಾತು. ಸೊಸೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಸಕ್ಕರೆ ಪರೀಕ್ಷಿಸಿ, ಆಮೇಲೆ ಬಾಳೆಹಣ್ಣು ತಿನಿಸಿದಳು. ಮಾಸ್ತರರು ಆ ಹೊತ್ತಿನಲ್ಲಿ ಪಟ್ಟಿಯ ಮುಂದೆ ನಿಂತು ಯಾವ ಸಾಲು ತಪ್ಪಿದೆ ಎಂದು ಹುಡುಕುತ್ತಿದ್ದರು.

ಇಷ್ಟೆಲ್ಲ ಆದ ಮೇಲೆ ಡಾಕ್ಟರರಿಗೆ ತೋರಿಸಿ ಒಪ್ಪಿಗೆ ಪಡೆದ ಪಟ್ಟಿ ಈಗ ಹೀಗಿದೆ:

ಎದ್ದ ಕೂಡಲೇ: ಲೆವೊಥೈರಾಕ್ಸಿನ್ 50, ಒಂದು. ಬರೀ ನೀರು. ಕಸ ಹೊಡೆದ ಮೇಲೆ ಚಾ.
ಮುಂಜಾನೆ ರೊಟ್ಟಿ ಬಡಿಸಿದಾಗ: ಗ್ಲಿಮೆಪಿರೈಡ್ 1, ಒಂದು. ರೊಟ್ಟಿ ಇಲ್ಲದಿದ್ದರೆ ಇದೂ ಇಲ್ಲ.
ರೊಟ್ಟಿ ತಿಂದ ಮೇಲೆ: ಮೆಟ್‌ಫಾರ್ಮಿನ್ 500, ಟೆಲ್ಮಿಸಾರ್ಟನ್ 40, ಒಂದೊಂದು.
ಮಧ್ಯಾಹ್ನ ಊಟದ ಮೇಲೆ: ಕ್ಯಾಲ್ಸಿಯಂ 500, ಒಂದು.
ರಾತ್ರಿ ಊಟದ ಮೇಲೆ: ಮೆಟ್‌ಫಾರ್ಮಿನ್ 500, ಒಂದು.
ಉಪವಾಸ: ಹಿಂದಿನ ದಿನವೇ ಡಾಕ್ಟರರಿಗೆ ಫೋನು.

ಗಡಿಯಾರದ ವೇಳೆ ಒಂದೂ ಇಲ್ಲ. ಮಾಸ್ತರರಿಗೆ ಇದು ಇನ್ನೂ ಕಸಿವಿಸಿ. ಅವ್ವನಿಗೆ ಮಾತ್ರ ಪಟ್ಟಿ ಬಾಯಿಪಾಠ, ಯಾಕೆಂದರೆ ಅದರಲ್ಲಿರುವುದು ಅವಳದೇ ದಿನ.

ಇದು ಆ ಒಬ್ಬ ಅವ್ವನ ಪಟ್ಟಿ, ನಿಮ್ಮ ಅವ್ವನಿಗೆ ನಕಲು ಮಾಡಬೇಡಿ. ನಿಮ್ಮ ಮನೆಯದನ್ನು ನಿಮ್ಮ ಡಾಕ್ಟರರನ್ನು ಕೇಳಿ ಬರೆಯಿರಿ, ಮೇಲೆ ತಾರೀಖು ಹಾಕಿ. ಮಿರಜಿಗೋ ಕೊಲ್ಲಾಪುರಕ್ಕೋ ಬೆಳಗಾವಿಗೋ ಹೊಸ ಡಾಕ್ಟರರ ಕಡೆ ಹೊರಟಾಗ ಪಟ್ಟಿಯನ್ನು ಗೋಡೆಗೆ ಬಿಟ್ಟು ಹೋಗದೆ ಸ್ಟ್ರಿಪ್ ಸಮೇತ ಚೀಲಕ್ಕೆ ಹಾಕಿಕೊಳ್ಳಿ.