ತಾಲೂಕುತ್ರಯ ಸ್ವೇದಮೀಮಾಂಸೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಮೂರು ತಾಲೂಕುಗಳ ಅಡಕೆ ತೋಟದ ಅವಿವಾಹಿತ ಗಂಡುಗಳು ಹೆಣ್ಣಿನ ಮನೆಯ ಜಗಲಿಯಲ್ಲಿ ಕೂತಾಗ ಬೆವರುವುದೇಕೆ, ಕೆಂಪಾಗುವುದೇಕೆ ಎಂಬುದು ಈ ಪ್ರಬಂಧದ ವಿಷಯ. ಹಿಂದೆ ಪರೀಕ್ಷೆಗೆ ಕೂರುತ್ತಿದ್ದವಳು ಹುಡುಗಿ. ಈಗ ತೋಟದ ಮನೆಗೆ ಹೆಣ್ಣು ಸಿಗುವುದೇ ದುರ್ಲಭವಾಗಿ, ಪರೀಕ್ಷಾರ್ಥಿಯ ಸ್ಥಾನ ಗಂಡಿಗೆ ಬಂದಿದೆ. ಸ್ವೇದವೂ ಅದರ ಜೊತೆಯಲ್ಲೇ ವರ್ಗಾವಣೆಯಾಗಿದೆ.

ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಣಿಸಿದ ಎಂಟು ಸಾತ್ವಿಕ ಭಾವಗಳಲ್ಲಿ ಸ್ವೇದವೂ ಇದೆ, ಮುಖದ ಬಣ್ಣಗೆಡುವ ವೈವರ್ಣ್ಯವೂ ಇದೆ. ಯಕ್ಷಗಾನದ ವೇಷಧಾರಿಗೆ ಮುಖದ ಬಣ್ಣ ಎರಡನ್ನೂ ಮುಚ್ಚಿಕೊಡುತ್ತದೆ. ವರನಿಗೆ ಚೌಕಿಯೂ ಇಲ್ಲ, ಬಣ್ಣವೂ ಇಲ್ಲ.

ಪೂರ್ವಪಕ್ಷದವರು ಹೇಳುವುದಿಷ್ಟು: ಇದೆಲ್ಲ ಏಪ್ರಿಲ್ ತಿಂಗಳ ಸೆಕೆ. ಈ ವಾದ ನಿಲ್ಲುವುದಿಲ್ಲ. ಸೆಕೆಗೆ ಮೈಯೆಲ್ಲ ಬೆವರುತ್ತದೆ. ಅಂಜಿಕೆಗೆ ಮೊದಲು ಒದ್ದೆಯಾಗುವುದು ಅಂಗೈ, ಅಂಗಾಲು, ಕಂಕುಳು, ಮುಖ. ಡಿಸೆಂಬರಿನ ಇಬ್ಬನಿಯಲ್ಲೂ ವರನ ಅಂಗೈ ಒದ್ದೆಯೇ. ಅಪಾಯವೆಂದು ಮಿದುಳಿಗೆ ತೋರಿದೊಡನೆ ಅನುವೇದಕ ನರಗಳು ಬೆವರಿನ ಗ್ರಂಥಿಗಳನ್ನು ಎಬ್ಬಿಸುತ್ತವೆ, ಅವೇ ನರಗಳು ಕೆನ್ನೆಯ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಅಲ್ಲಿಗೆ ಬಿಸಿ ರಕ್ತ ನುಗ್ಗುತ್ತದೆ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಬೇರೆಯವರಿಗೆ ಅಷ್ಟಾಗಿ ಕಾಣದು, ಆದರೆ ಒಳಗಿನವನಿಗೆ ಕೆನ್ನೆಯ ಕಾವು ಪೂರ್ತಿ ತಿಳಿಯುತ್ತದೆ. ಅನರ್ಥಕ್ಕೆ ಅಷ್ಟೇ ಸಾಕು.

ಈಗ ಒಬ್ಬ ಕಲ್ಪಿತ ವರನನ್ನು ಯಲ್ಲಾಪುರ ಕಡೆಯ ಜಗಲಿಯೊಂದರಲ್ಲಿ ಕೂರಿಸೋಣ. ಸ್ವೇದಭಯದಿಂದ ಆತ ಕೋಟು ತೊಟ್ಟು ಬಂದಿದ್ದಾನೆ, ಕಂಕುಳ ಕಲೆ ಕಾಣಬಾರದೆಂದು. ಕೋಟು ಕಲೆಯನ್ನು ಮುಚ್ಚುವ ಮೊದಲೇ ಮೈಯನ್ನು ಬೇಯಿಸುತ್ತದೆ. ಕೈ ನಡುಗಬಾರದೆಂದು ಬಿಸಿ ಕಷಾಯದ ಲೋಟವನ್ನು ಬಿಗಿಯಾಗಿ ಹಿಡಿಯುತ್ತಾನೆ; ಲೋಟ ಜಾರುತ್ತದೆ. ಕ್ಲಾರ್ಕ್ ಮತ್ತು ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ಇಂಥ ರಕ್ಷಣಾತಂತ್ರಗಳೇ ರೋಗವನ್ನು ಸಾಕುತ್ತವೆ ಎಂದು ವಾದಿಸಿದರು. ಇನ್ನೂ ಒಂದು ಮಾತನ್ನು ಅವರು ಸೇರಿಸಿದರು: ಹೆದರಿದವನು ಎದುರಿನವರ ಮುಖವನ್ನು ನೋಡುವುದನ್ನು ಬಿಟ್ಟು ತನ್ನೊಳಗಿನ ಕಾವನ್ನು ಅಳೆಯತೊಡಗುತ್ತಾನೆ, ಒಳಗೆ ಅನಿಸಿದಷ್ಟೇ ಹೊರಗೂ ಕಾಣುತ್ತಿದೆ ಎಂದು ತೀರ್ಮಾನಿಸುತ್ತಾನೆ. ಹಣೆಯ ಮೇಲೆ ಒಂದು ಹನಿ ಮೂಡಿದರೆ ಅವನ ಲೆಕ್ಕದಲ್ಲಿ ಅದು ಅಘನಾಶಿನಿ. ಕಂಡುಬಿಟ್ಟಿತು ಎಂಬ ಆ ತೀರ್ಮಾನವೇ ಮಿದುಳಿಗೆ ಹೊಸ ಅಪಾಯ. ನರಗಳು ಮತ್ತೆ ಓಡುತ್ತವೆ, ಎರಡನೆಯ ಹನಿ ಬರುತ್ತದೆ.

ಆಗ ಹುಡುಗಿಯ ಅಜ್ಜ ಕರುಣೆಯಿಂದ ಕೇಳುತ್ತಾರೆ: ‘ತಮಾ, ಶೆಕೆ ಆಗ್ತನ? ಫ್ಯಾನ್ ಹಾಕಲನ?’

ಇದಕ್ಕಿಂತ ಕ್ರೂರವಾದ ಪ್ರಶ್ನೆ ಶಾಸ್ತ್ರದಲ್ಲಿಲ್ಲ. ಅಜ್ಜನ ದೃಷ್ಟಿ ಬಿದ್ದ ಕಡೆಯೇ ಕೆನ್ನೆ ಹೆಚ್ಚು ಬಿಸಿಯಾಗುವ ಸಂಭವವೂ ಉಂಟು. ಹಾಸ್ಯವಲ್ಲ, ಮುಖದ ಒಂದೇ ಪಕ್ಕವನ್ನು ಹತ್ತಿರದಿಂದ ದಿಟ್ಟಿಸಿದರೆ ಆ ಪಕ್ಕದಲ್ಲೇ ರಕ್ತದ ಹರಿವು ಹೆಚ್ಚುತ್ತದೆ ಎಂದು ಆಸ್ಟ್ರೇಲಿಯಾದ ಪೀಟರ್ ಡ್ರಮಂಡ್ ಮತ್ತು ಸಂಗಡಿಗರೊಬ್ಬರು 2004ರಲ್ಲಿ ಅಳತೆ ಮಾಡಿ ವರದಿ ಮಾಡಿದರು. ಆದ್ದರಿಂದ ಅಜ್ಜಂದಿರು ವರನ ಎದುರಿಗೇ ಕೂರುವುದು ನ್ಯಾಯ.

ಪರಿಹಾರಕಾಂಡಕ್ಕೆ ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕಲ್ ಆಚಾರ್ಯರು. ಅವರ ಬಳಿಗೆ ಒಬ್ಬ ಯುವ ವೈದ್ಯ ಬಂದ. ಬೆವರುತ್ತೇನೆಂಬ ಭಯ, ಭಯದಿಂದಲೇ ಬೆವರು, ಹೀಗೆ ನಾಲ್ಕು ವರ್ಷ. ಇನ್ನು ಮುಂದೆ ಬೆವರು ಬಂದರೆ ತಡೆಯಬೇಡ, ಎಷ್ಟು ಬೆವರಬಲ್ಲೆ ಎಂದು ಜನಕ್ಕೆ ಬೇಕೆಂದೇ ತೋರಿಸು ಎಂದರು ಫ್ರಾಂಕಲ್. ಆತ ಭಯ ಹುಟ್ಟಿಸುವವರು ಎದುರಾದಾಗಲೆಲ್ಲ, ಇದುವರೆಗೆ ಬರೀ ಒಂದು ಲೀಟರಿನಷ್ಟು ಸುರಿಸಿದ್ದೆ, ಈಗ ಕನಿಷ್ಠ ಹತ್ತು ಲೀಟರ್ ಸುರಿಸುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡ. ಒಂದೇ ಭೇಟಿ, ವಾರದೊಳಗೆ ಭಯ ಬಿಟ್ಟಿತು. ಅಡಗಿಸಬೇಕಾದ್ದೇ ಇಲ್ಲವೆಂದಾದ ಮೇಲೆ ಕಾವಲು ಕಾಯುವ ಕೆಲಸ ನರಗಳಿಗೆ ಉಳಿಯಲಿಲ್ಲ. ಇದು ಫ್ರಾಂಕಲ್ ತಾವೇ ಹೇಳಿದ ಒಂದು ಪ್ರಕರಣ, ಎಲ್ಲರಿಗೂ ಫಲಿಸುವ ಮಂತ್ರವಲ್ಲ. ಹುಟ್ಟುಗುಣದಿಂದಲೇ ಅಂಗೈ ತೊಟ್ಟಿಕ್ಕುವವರಿಗೆ ಅಲ್ಯೂಮಿನಿಯಂ ಕ್ಲೋರೈಡ್ ಲೇಪವೇ ಮುಂತಾದ ಚಿಕಿತ್ಸೆಗಳಿವೆ. ಅವರ ಬೆವರು ನಿದ್ದೆಯಲ್ಲಿ ನಿಲ್ಲುತ್ತದೆ, ಗುರುತು ಅದೇ. ನಿದ್ದೆಯಲ್ಲೂ ಹಾಸಿಗೆ ತೊಯ್ದರೆ ಕಾರಣ ಥೈರಾಯ್ಡೋ ಸೋಂಕೋ ಇನ್ನೊಂದೋ ಇರಬಹುದು. ಅದು ಡಾಕ್ಟರರ ವಿಷಯ, ಮೀಮಾಂಸಕರದ್ದಲ್ಲ.

ನಮ್ಮ ವರ ಹತ್ತು ಲೀಟರಿನ ಸಂಕಲ್ಪ ಮಾಡಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ. ಅಂಗಿಯ ಕಲೆ ಅಷ್ಟೂ ಕಂಡಿತು. ಹುಡುಗಿ ಅದನ್ನು ನೋಡಿದಳೋ ಇಲ್ಲವೋ, ಅವಳು ಕೇಳಿದ್ದು ಬೇರೆಯದನ್ನೇ: ‘ನಿಮ್ಮನೆಲಿ ನೆಟ್‌ವರ್ಕ್ ಸಿಗ್ತಾ?’