ಮಾಷ್ಟ್ರ ನಾಯಕಿಗೆ ವಯಸ್ಸೇ ಆಗುವುದಿಲ್ಲ

ಕಲ್ಲಡ್ಕದಲ್ಲಿ ಕೆಟಿ ಕುಡಿಯಲು ಕೂತವರಿಗೆ ಕಾದಂಬರಿ ಓದಿ ಹೇಳುವವರೂ ಇದ್ದಾರೆಂದು ಗೊತ್ತಿದ್ದರೆ ನಾನು ಬಸ್ಸಿನಿಂದ ಇಳಿಯುತ್ತಲೇ ಇರಲಿಲ್ಲ. ನಿವೃತ್ತ ಮಾಷ್ಟ್ರೊಬ್ಬರು ಹಸ್ತಪ್ರತಿಯ ಕಟ್ಟು ಬಿಚ್ಚಿದರು. ಅರುವತ್ತು ವರ್ಷಗಳ ಕಥೆ. ಮೊದಲ ಅಧ್ಯಾಯ 1950ರಲ್ಲಿ: ಹದಿನಾರರ ನಾಯಕಿಗೆ ಮದುವೆ. ಎರಡನೆಯದರ ನೆತ್ತಿಯ ಮೇಲೆ ‘ಇಪ್ಪತ್ತೈದು ವರ್ಷಗಳ ನಂತರ’. ಅಲ್ಲಿ ಅವಳ ಹಿರಿಮಗಳಿಗೆ ಮೂವತ್ತು!

“ಮಾಷ್ಟ್ರೇ, ಮಗಳು ಅಮ್ಮನ ಮದುವೆಯ ಊಟಕ್ಕೆ ಬಡಿಸಲು ನಿಂತಿದ್ದಳಾ?”

“ಅಷ್ಟೆಲ್ಲ ಲೆಕ್ಕ ಹಾಕಿ ಯಾರು ಓದ್ತಾರೆ ಮಾರಾಯ್ರೆ?”

ಎಲ್ಲರೂ ಓದುತ್ತಾರೆ. ಬೆರಳು ಮಡಚುವುದಿಲ್ಲ, ಅಷ್ಟೆ. ಏನೋ ಸರಿಯಿಲ್ಲ ಎಂದು ಪುಟ ಹಿಂದಕ್ಕೆ ತಿರುಗಿಸುತ್ತಾರೆ. ಪುಟ ಹಿಂದಕ್ಕೆ ಹೋಯಿತೆಂದರೆ ಜಿಗಿತ ಜಾರಿತೆಂದೇ ಅರ್ಥ.

ನೆರೆಯ ಪುತ್ತೂರಿನಲ್ಲಿ ಬಾಳಿದ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರು ದಾಟಿಸಿದ್ದಾರೆ. ಅದೂ ಅಜ್ಜನ ಹೆಸರು ರಾಮ, ಮೊಮ್ಮಗನ ಹೆಸರೂ ರಾಮ. ನಮ್ಮ ಮಾಷ್ಟ್ರಾಗಿದ್ದರೆ ಅಲ್ಲೇ ಓದುಗನ ತಿಥಿ. ಆದರೆ ಅಜ್ಜ ಐತಾಳರು, ಬಹುವಚನದವರು. ಮೊಮ್ಮಗ ಬರೀ ರಾಮ, ‘ಬಂದ, ಹೋದ’ ಎನ್ನಿಸಿಕೊಳ್ಳುವವನು. ಅರ್ಧ ಗೊಂದಲವನ್ನು ಕನ್ನಡದ ಕ್ರಿಯಾಪದವೇ ಬಿಡಿಸುತ್ತದೆ.

ಉಳಿದರ್ಧ ಹೆಂಗಸರ ಕೆಲಸ. ಐತಾಳರ ವಿಧವೆ ತಂಗಿ ಸರಸೋತಿ ಅಣ್ಣನ ಸಂಸಾರದುದ್ದಕ್ಕೂ ದುಡಿದವಳು; ಅಣ್ಣನ ಮಗ ಲಚ್ಚನ ಹೆಂಡತಿಯಾಗಿ ನಾಗವೇಣಿ ಬರುವಾಗಲೂ ಅವಳು ಮನೆಯಲ್ಲಿದ್ದಾಳೆ. ಮುಂದೆ ಮಗ ರಾಮ ದೊಡ್ಡವನಾಗುವವರೆಗೆ ನಾಗವೇಣಿ ಇರುತ್ತಾಳೆ. ಗಂಡಸರು ಉಡುಪಿ, ಮದರಾಸು, ಬೊಂಬಾಯಿ ಸುತ್ತಲಿ. ಹಳಬಳೊಬ್ಬಳು ಹೋಗುವ ಮೊದಲೇ ಹೊಸಬಳು ಒಳಗೆ ಬಂದಿರುತ್ತಾಳೆ. ಎಷ್ಟು ವರ್ಷ ಹಾರಿದರೂ ಅದೇ ಕೋಡಿಯ ಮನೆ, ಅಲ್ಲೊಂದು ಗುರುತಿನ ಮುಖ. ಹೊಸ ಊರು, ಹೊಸ ಜನ, ಹೊಸ ಕಾಲ ಮೂರನ್ನೂ ಒಂದೇ ಪುಟದಲ್ಲಿ ತಂದರೆ ಮಾತ್ರ ಓದುಗ ಕೈಬಿಡುತ್ತಾನೆ.

“ಹಾಗಾದರೆ 1975 ಅಂತ ಬರೆಯಲೇಬಾರದಾ?”

“ಬರೆಯಿರಿ. ಆದರೆ ‘ಒಕ್ಕಲು ಡಿಕ್ಲರೇಶನ್ ಹಾಕಿದ ಮೇಲೆ ಧಣಿಗಳು ಗದ್ದೆ ಕಡೆ ತಲೆ ಹಾಕಲಿಲ್ಲ’ ಎಂದರೆ ನಮ್ಮ ಕಡೆಯವರಿಗೆ ಇಸವಿಯೂ ಗೊತ್ತಾಯಿತು, ಯಾರ ಸೊಂಟ ಬಿತ್ತೆಂದೂ ಗೊತ್ತಾಯಿತು. ಕೂದಲು ನರೆತದ್ದನ್ನು ಬಿಡಿ, ಎಲ್ಲರದ್ದೂ ನರೆಯುತ್ತದೆ. ಮೊದಲು ನಾಯಕಿ ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡುತ್ತಾರೆ, ಅದನ್ನು ತೋರಿಸಿ.”

ದೂರದ ಊರಿನವನಿಗೆ ಡಿಕ್ಲರೇಶನ್ ತಿಳಿಯದೆಂಬುದು ನಿಜ. ಅವನಿಗಾಗಿ ಇಸವಿಯೂ ಒಂದು ಕಡೆ ಇರಲಿ. ಹಾಳೆಯೊಂದರಲ್ಲಿ ಅಡ್ಡಕ್ಕೆ ಇಸವಿ, ಉದ್ದಕ್ಕೆ ಹೆಸರು ಬರೆದು ಪ್ರತಿ ಅಧ್ಯಾಯಕ್ಕೂ ಎಲ್ಲರ ವಯಸ್ಸು ತುಂಬಿಸಿ ಎಂದೆ. ಮಾಷ್ಟ್ರು ಅಲ್ಲೇ ಬಿಲ್ಲಿನ ಹಿಂದೆ ಗೀಚಿದರು.

“ಮದುವೆಯನ್ನು 1944ಕ್ಕೆ ತಳ್ಳಿದೆ.”

“ಆಗ ಅವಳಿಗೆ ಹತ್ತೇ ವರ್ಷ!”

“ಅವಳನ್ನೂ ಆರು ವರ್ಷ ಮೊದಲೇ ಹುಟ್ಟಿಸ್ತೇನೆ.”

“ಕೊನೆಯ ಅಧ್ಯಾಯ 2010. ಅಲ್ಲಿ ಅವಳು ಒಬ್ಬಳೇ ನರಹರಿ ಪರ್ವತ ಹತ್ತುತ್ತಾಳೆ. ಎಂಬತ್ತೆರಡಕ್ಕೆ?”

ಮಾಷ್ಟ್ರು ಪೆನ್ನು ಮುಚ್ಚಿದರು. “ಮೆಟ್ಟಿಲು ಉಂಟಲ್ಲ ಮಾರಾಯ್ರೆ!”